ಏಕಮಾನ ವೃತ್ತದ ಮೇಲಿನ ಪ್ರಶ್ನೆಗಳು

ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆಗಳ ಗಣಿತ ಪತ್ರಿಕೆಯಲ್ಲಿ ಸಂಕೀರ್ಣ ಸಂಖ್ಯೆಗಳಿಗೆ ದೊರೆಯುವ ಸ್ಥಳ ದೊಡ್ಡದೇನೂ ಅಲ್ಲ. ಸಾಮಾನ್ಯವಾಗಿ ಒಂದೋ ಎರಡೋ ಪ್ರಶ್ನೆಗಳಿರುತ್ತವೆ. ಆದರೆ ಆ ಒಂದೆರಡು ಪ್ರಶ್ನೆಗಳು ಬಹುತೇಕ ಒಂದೇ ಬಾವಿಯಿಂದ ಸೇದಿದ ನೀರು ಎಂಬುದು ಹಳೆಯ ಪತ್ರಿಕೆಗಳನ್ನು ಸಾಲಾಗಿ ಹರವಿಕೊಂಡು ನೋಡಿದವರಿಗೆ ಗೋಚರವಾಗುತ್ತದೆ. ಮೂಲಬಿಂದುವನ್ನು ಕೇಂದ್ರವಾಗಿಟ್ಟು ಒಂದು ಮಾನದ ತ್ರಿಜ್ಯದಿಂದ ಎಳೆದ ವೃತ್ತವೇ ಆ ಬಾವಿ. ಅದಕ್ಕೆ ಏಕಮಾನ ವೃತ್ತವೆಂದು ಹೆಸರು. ಮಾಡ್ಯುಲಸ್, ಆರ್ಗ್ಯುಮೆಂಟ್, ಒಂದರ ಘನಮೂಲ ಎಂಬ ಮೂರು ಬೇರೆ ಬೇರೆ ಶೀರ್ಷಿಕೆಗಳ ಕೆಳಗೆ ವಿದ್ಯಾರ್ಥಿಯು ಕಂಠಪಾಠ ಮಾಡುವ ಸೂತ್ರಗಳು ಆ ಒಂದು ವೃತ್ತದ ಮೇಲೆ ಒಟ್ಟಾಗಿ ಕಾಣಸಿಗುತ್ತವೆ.

ಈ ವಿಷಯವನ್ನು ಈಗ ಪ್ರಸ್ತಾಪಿಸಲು ಒಂದು ಕಾರಣವುಂಟು. 2022ರಲ್ಲಿ ಪಠ್ಯಭಾರವನ್ನು ಇಳಿಸುವ ಉದ್ದೇಶದಿಂದ ಎನ್.ಸಿ.ಇ.ಆರ್.ಟಿ. ಸಂಸ್ಥೆಯು ತನ್ನ 11ನೆಯ ತರಗತಿಯ ಗಣಿತ ಪುಸ್ತಕದಿಂದ ಕೆಲವು ಭಾಗಗಳನ್ನು ಕೈಬಿಟ್ಟಿತು. ಸಂಕೀರ್ಣ ಸಂಖ್ಯೆಯನ್ನು ದೂರ ಮತ್ತು ಕೋನಗಳ ಮೂಲಕ ಬರೆಯುವ ಭಾಗವೂ ಅವುಗಳಲ್ಲಿ ಸೇರಿತ್ತು. ಅತ್ತ ಜೆ.ಇ.ಇ. ಮೇನ್ ಪರೀಕ್ಷೆಯ ಪಠ್ಯಸೂಚಿಯಲ್ಲಿ ಮಾಡ್ಯುಲಸ್ ಮತ್ತು ಆರ್ಗ್ಯುಮೆಂಟ್ ಎರಡೂ ಹಾಗೆಯೇ ಉಳಿದಿವೆ. ಕರ್ನಾಟಕದ ಪದವಿಪೂರ್ವ ತರಗತಿಗಳು ಎನ್.ಸಿ.ಇ.ಆರ್.ಟಿ. ಪಠ್ಯಕ್ರಮಕ್ಕೆ ಬರುವ ಮೊದಲು ನಮ್ಮ ದ್ವಿತೀಯ ಪಿ.ಯು.ಸಿ.ಯಲ್ಲಿ ಡಿ ಮಾಯ್ವರ್ ಪ್ರಮೇಯವನ್ನೂ ಒಂದರ ಘನಮೂಲಗಳನ್ನೂ ವಿಸ್ತಾರವಾಗಿ ಕಲಿಸುತ್ತಿದ್ದರು. ಆ ಕಾಲದ ಹಳೆಯ ವಿದ್ಯಾರ್ಥಿಗಳಿಗೆ ಅದು ನೆನಪಿದ್ದೀತು. ಇಂದಿನ ವಿದ್ಯಾರ್ಥಿಯಾದರೋ ಪುಸ್ತಕದಲ್ಲಿ ಇಲ್ಲದ ಕೋನವನ್ನು ಪರೀಕ್ಷೆಯಲ್ಲಿ ಎದುರಿಸಬೇಕಾಗಿದೆ. ಪಟ್ಟಣದ ತರಬೇತಿ ಕೇಂದ್ರಕ್ಕೆ ಶುಲ್ಕ ತೆರಬಲ್ಲವನಿಗೆ ಈ ಅಂತರ ಅಲ್ಲಿ ತುಂಬುತ್ತದೆ. ಉಳಿದವನಿಗೆ ತುಂಬಿಕೊಡಬೇಕಾದವರು ತರಗತಿಯ ಉಪಾಧ್ಯಾಯರೇ. ಅದಕ್ಕೆ ಎಷ್ಟು ಸಾಮಗ್ರಿ ಬೇಕು, ಯಾವ ಸ್ಥಳದಲ್ಲಿ ವಿದ್ಯಾರ್ಥಿ ಜಾರುತ್ತಾನೆ ಎಂಬುದನ್ನು ನಿಜವಾಗಿ ಕೇಳಲ್ಪಟ್ಟ ಕೆಲವು ಪ್ರಶ್ನೆಗಳ ಮೂಲಕವೇ ಪರಿಶೀಲಿಸುವುದು ಉಚಿತ.

ಗಣಿತದ ಪರಿಚಯ ಮಾಸಿಹೋಗಿರುವ ಓದುಗರಿಗಾಗಿ ಎರಡು ಮಾತು. z = x + iy ಎಂಬ ಸಂಕೀರ್ಣ ಸಂಖ್ಯೆಯನ್ನು ಸಮತಲದ ಮೇಲಿನ (x, y) ಎಂಬ ಬಿಂದುವೆಂದು ಭಾವಿಸಬಹುದು. 1806ರಲ್ಲಿ ಪ್ಯಾರಿಸಿನಲ್ಲಿ ಪ್ರಕಟವಾದ ಒಂದು ಚಿಕ್ಕ ಪುಸ್ತಕದಲ್ಲಿ ಆರ್ಗಾಂಡನು ಈ ಚಿತ್ರವನ್ನು ಮುಂದಿಟ್ಟದ್ದರಿಂದ ಸಮತಲಕ್ಕೆ ಇಂದಿಗೂ ಅವನ ಹೆಸರಿದೆ. ಮೂಲಬಿಂದುವಿನಿಂದ ಆ ಬಿಂದುವಿಗಿರುವ ದೂರವೇ ಮಾಡ್ಯುಲಸ್. ಅದನ್ನು |z| ಎಂದು ಬರೆಯುತ್ತಾರೆ. ಬಲಗಡೆಯ ಅಡ್ಡ ಅಕ್ಷದಿಂದ ಅಪ್ರದಕ್ಷಿಣವಾಗಿ ಅಳೆದ ಕೋನವೇ ಆರ್ಗ್ಯುಮೆಂಟ್. ಬಿಂದುವನ್ನು ಅಡ್ಡ ಅಕ್ಷದ ಕನ್ನಡಿಯಲ್ಲಿ ನೋಡಿದಾಗ ದೊರೆಯುವ x − iy ಎಂಬುದು ಅದರ ಸಂಯುಗ್ಮ. ಅದಕ್ಕೆ z̄ ಎಂಬ ಗುರುತು. ಎರಡು ಸಂಕೀರ್ಣ ಸಂಖ್ಯೆಗಳನ್ನು ಗುಣಿಸಿದಾಗ ದೂರಗಳು ಗುಣಾಕಾರವಾಗುತ್ತವೆ, ಕೋನಗಳು ಕೂಡಿಕೊಳ್ಳುತ್ತವೆ. 1 + i ಎಂಬುದು √2 ದೂರದಲ್ಲಿ 45 ಡಿಗ್ರಿಯ ಮೇಲಿದೆ. ಅದನ್ನು ಅದರಿಂದಲೇ ಗುಣಿಸಿದರೆ 2i ದೊರೆಯುತ್ತದೆ, ಅಂದರೆ 2 ದೂರದಲ್ಲಿ 90 ಡಿಗ್ರಿ. ದೂರವು ಒಂದೇ ಆಗಿರುವ ಸಂಖ್ಯೆಯಿಂದ ಗುಣಿಸಿದರೆ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಬರಿಯ ತಿರುಗುವಿಕೆ ಮಾತ್ರ ಉಳಿಯುತ್ತದೆ. ಏಕಮಾನ ವೃತ್ತದ ಮಹತ್ತ್ವವೆಲ್ಲ ಇಲ್ಲಿದೆ.

2013ರಲ್ಲಿ ಜೆ.ಇ.ಇ. ಮೇನ್ ಎಂಬ ಹೆಸರಿನಲ್ಲಿ ನಡೆದ ಮೊದಲ ಪರೀಕ್ಷೆಯಲ್ಲಿ ಹೀಗೊಂದು ಪ್ರಶ್ನೆಯಿತ್ತು. z ಎಂಬ ಸಂಖ್ಯೆಯ ಮಾಡ್ಯುಲಸ್ 1, ಆರ್ಗ್ಯುಮೆಂಟ್ θ ಆಗಿದ್ದರೆ

(1 + z) / (1 + z̄)

ಎಂಬುದರ ಆರ್ಗ್ಯುಮೆಂಟ್ ಎಷ್ಟು? ಕೊಟ್ಟಿದ್ದ ಆಯ್ಕೆಗಳು −θ, π/2 − θ, θ, π − θ.

ಇದನ್ನು ಬಿಡಿಸಲು ವಿದ್ಯಾರ್ಥಿಗಳು ಹಿಡಿಯುವ ದಾರಿಗಳು ಮೂರು. ಮೊದಲನೆಯವನು z = x + iy ಎಂದು ಬರೆದು, ಛೇದದ ಸಂಯುಗ್ಮದಿಂದ ಮೇಲೆ ಕೆಳಗೆ ಗುಣಿಸಿ, ಅರ್ಧ ಪುಟ ತುಂಬಿಸುತ್ತಾನೆ. ಉತ್ತರ ಬರುತ್ತದೆ, ಆದರೆ ಸಮಯ ಹೋಗುತ್ತದೆ. ಇಂದಿನ ಜೆ.ಇ.ಇ. ಮೇನ್ ಪರೀಕ್ಷೆಯಲ್ಲಿ ಮೂರು ಗಂಟೆಗೆ 75 ಪ್ರಶ್ನೆಗಳು, ಕರ್ನಾಟಕದ ಸಿ.ಇ.ಟಿ.ಯಲ್ಲಾದರೆ ಗಣಿತದ 60 ಪ್ರಶ್ನೆಗಳಿಗೆ 80 ನಿಮಿಷ, ಅಂದರೆ ಪ್ರಶ್ನೆಯೊಂದಕ್ಕೆ ಎಂಬತ್ತು ಸೆಕೆಂಡು.

ಎರಡನೆಯವನು ಚುರುಕಿನ ಹುಡುಗ. ಯಾವುದೇ z ಗೆ ಉತ್ತರ ನಿಜವಾಗಬೇಕಾದರೆ ಸುಲಭವಾದ ಒಂದು z ಗೂ ನಿಜವಾಗಲೇಬೇಕಷ್ಟೆ ಎಂದು ತರ್ಕಿಸಿ z = i ಎಂದು ಇಡುತ್ತಾನೆ. ಆಗ (1 + i)/(1 − i) = i; ಅದರ ಆರ್ಗ್ಯುಮೆಂಟ್ 90 ಡಿಗ್ರಿ. ತರ್ಕ ಸರಿಯಾಗಿಯೇ ಇದೆ. ಆದರೆ θ ವು 90 ಡಿಗ್ರಿಯಾಗಿರುವಾಗ θ ಮತ್ತು π − θ ಎರಡೂ 90 ಡಿಗ್ರಿಯೇ! ಎರಡು ಆಯ್ಕೆಗಳು ಒಂದೇ ಬೆಲೆಯನ್ನು ತೋರಿಸುತ್ತ ನಿಲ್ಲುತ್ತವೆ. ಪ್ರಶ್ನೆ ರಚಿಸಿದವರು ಇದನ್ನು ಉದ್ದೇಶಪೂರ್ವಕವಾಗಿ ಮಾಡಿದರೋ ಆಕಸ್ಮಿಕವೋ ಹೇಳಲಾಗದು; ಪರಿಣಾಮವಂತೂ ಒಂದೇ. ಅವಸರದಲ್ಲಿ ಒಂದನ್ನು ಗುರುತಿಸಿ ಮುಂದೆ ಹೋದವನು ನಾಲ್ಕು ಅಂಕವನ್ನು ಕಳೆದುಕೊಂಡದ್ದಲ್ಲದೆ ತಪ್ಪಿಗಾಗಿ ಇನ್ನೊಂದನ್ನೂ ತೆರಬೇಕು. ಸಂಖ್ಯೆಯಿಟ್ಟು ನೋಡುವ ಕ್ರಮವನ್ನು ನಿಷೇಧಿಸುವ ಉಪಾಧ್ಯಾಯರಿದ್ದಾರೆ. ಅದರ ಅಗತ್ಯವಿಲ್ಲ. ಇಡುವ ಸಂಖ್ಯೆಗೆ ವಿಶೇಷ ಸಮತೆ ಇರಬಾರದು ಎಂಬ ಒಂದು ಎಚ್ಚರಿಕೆ ಸಾಕು. 90 ಡಿಗ್ರಿಯ ಬದಲು 60 ಡಿಗ್ರಿ ಇಟ್ಟರೆ 1 + z ಎಂಬುದು 3/2 + i√3/2. ಅದರ ಕೋನ 30 ಡಿಗ್ರಿ. ಸಂಯುಗ್ಮವಾದ ಛೇದದ ಕೋನ −30. ಭಾಗಾಕಾರದಲ್ಲಿ ಕೋನಗಳು ಕಳೆಯಲ್ಪಡುವುದರಿಂದ ಉತ್ತರ 60 ಡಿಗ್ರಿ, ಅಂದರೆ θ. π − θ ಈಗ 120 ಆಗಿ ದೂರ ಸರಿಯುತ್ತದೆ.

ಮೂರನೆಯ ದಾರಿಗೆ ಒಂದೇ ಸಂಗತಿ ತಿಳಿದಿದ್ದರೆ ಸಾಕು. (x + iy)(x − iy) = x² + y² ಆದುದರಿಂದ z z̄ ಯಾವಾಗಲೂ |z|² ಗೆ ಸಮ. ಮಾಡ್ಯುಲಸ್ 1 ಆಗಿದ್ದಾಗ z z̄ = 1; ಆದುದರಿಂದ z̄ ಎಂಬುದು z ನ ವ್ಯುತ್ಕ್ರಮವೇ ಆಗುತ್ತದೆ. ಹಾಗಾದರೆ ಛೇದವು 1 + 1/z, ಅಂದರೆ (z + 1)/z. ಅಂಶದಲ್ಲಿರುವ 1 + z ಅದರೊಡನೆ ಹೊಡೆದುಹೋಗಿ z ಮಾತ್ರ ಉಳಿಯುತ್ತದೆ. ಆರ್ಗ್ಯುಮೆಂಟ್ θ. ಎರಡು ಸಾಲಿನ ಕೆಲಸ.

ಕೋನವನ್ನು ಪುಸ್ತಕದಲ್ಲಿ ಕಾಣದ ವಿದ್ಯಾರ್ಥಿಗೂ ಈ ಎರಡು ಸಾಲುಗಳು ಅರ್ಥವಾಗುತ್ತವೆ. ಆದರೆ ಹೀಗೇಕೆ ಆಗಬೇಕು ಎಂಬುದನ್ನು ಚಿತ್ರವೇ ಹೇಳಬೇಕು. ಮೂಲಬಿಂದುವಿನಿಂದ 1 ಕ್ಕೆ ಒಂದು ರೇಖೆ, z ಗೆ ಇನ್ನೊಂದು ರೇಖೆ. ಎರಡರ ಉದ್ದವೂ ಒಂದೇ. ಇವುಗಳ ಮೊತ್ತವಾದ 1 + z ಎಂಬುದು ಈ ಎರಡು ಬಾಹುಗಳ ಮೇಲೆ ಕಟ್ಟಿದ ಚತುರ್ಭುಜದ ಕರ್ಣ. ಬಾಹುಗಳು ಸಮವಾದ್ದರಿಂದ ಚತುರ್ಭುಜವು ವಜ್ರಾಕೃತಿ. ವಜ್ರಾಕೃತಿಯ ಕರ್ಣ ಕೋನವನ್ನು ಸಮವಾಗಿ ಎರಡು ಭಾಗ ಮಾಡುತ್ತದೆ. ಪ್ರೌಢಶಾಲೆಯ ರೇಖಾಗಣಿತ ಇಷ್ಟೇ. ಆದುದರಿಂದ 1 + z ನ ಕೋನ θ ನ ಅರ್ಧ, 1 + z̄ ನದು ಅದೇ ಅರ್ಧ ಕೆಳಮುಖವಾಗಿ. ಎರಡರ ನಡುವಿನ ಅಂತರ ಪೂರ್ಣ θ.

ಈ ಚಿತ್ರದ ಇನ್ನೊಂದು ಗುಣವೆಂದರೆ ಸೂತ್ರ ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ಅದು ತೋರಿಸುತ್ತದೆ. z = −1 ಆದಾಗ ವಜ್ರಾಕೃತಿಯು ಚಪ್ಪಟೆಯಾಗಿ ಕರ್ಣವೇ ಇಲ್ಲವಾಗುತ್ತದೆ; ಅಂಶವೂ ಸೊನ್ನೆ, ಛೇದವೂ ಸೊನ್ನೆ. ಆ ಒಂದು ಬಿಂದುವನ್ನು ಬಿಟ್ಟು ಎಂದು ಪ್ರಶ್ನೆಯಲ್ಲಿ ಹೇಳಿದ್ದರೆ ಒಳ್ಳೆಯದಿತ್ತು. ಮತ್ತೆ, ಮಾಡ್ಯುಲಸ್ 1 ಅಲ್ಲದೆ 2 ಆಗಿದ್ದರೆ ಬಾಹುಗಳು ಅಸಮವಾಗಿ ವಜ್ರಾಕೃತಿಯ ಬದಲು ಬರಿಯ ಸಮಾಂತರ ಚತುರ್ಭುಜ ದೊರೆಯುತ್ತದೆ. ಅದರ ಕರ್ಣ ಕೋನವನ್ನು ಅರ್ಧಿಸುವುದಿಲ್ಲ. z = 2i ಇಟ್ಟು ನೋಡಿದರೆ (1 + 2i)/(1 − 2i) ಎಂಬುದು (−3 + 4i)/5 ಆಗಿ, ಕೋನವು 90ಕ್ಕೆ ಬದಲಾಗಿ ಸುಮಾರು 127 ಡಿಗ್ರಿಯಾಗುತ್ತದೆ. z̄ ಗೆ ಬದಲಾಗಿ 1/z ಎಂದು ಬರೆಯುವ ಅಭ್ಯಾಸ ಕೈಗೆ ಹತ್ತಿದ ವಿದ್ಯಾರ್ಥಿ ಅದನ್ನು ಎಲ್ಲೆಡೆಯೂ ಬರೆಯತೊಡಗುತ್ತಾನೆ. ಮಾಡ್ಯುಲಸ್ 2 ಆಗಿದ್ದರೆ z̄ = 4/z ಎಂಬುದನ್ನು ಅವನ ಕೈಯಿಂದಲೇ ಒಮ್ಮೆ ಬರೆಸಿದರೆ ಈ ಚಾಳಿ ನಿಲ್ಲುತ್ತದೆ.

ಅರ್ಧಕೋನದ ಪ್ರಸ್ತಾಪ ಬಂದುದರಿಂದ ಅದಕ್ಕೆ ಅಂಟಿಕೊಂಡ ಒಂದು ಗುಂಡಿಯನ್ನೂ ಇಲ್ಲಿಯೇ ತೋರಿಸಬೇಕು. z = cos θ + i sin θ ಎಂದು ಬರೆದರೆ ತ್ರಿಕೋನಮಿತಿಯ ಸೂತ್ರಗಳಿಂದ

1 + z = 2 cos(θ/2) [cos(θ/2) + i sin(θ/2)]

ಎಂದು ಸುಲಭವಾಗಿ ದೊರೆಯುತ್ತದೆ. ಇದನ್ನು ಕಂಡೊಡನೆ ‘ಮಾಡ್ಯುಲಸ್ 2 cos(θ/2), ಆರ್ಗ್ಯುಮೆಂಟ್ θ/2’ ಎಂದು ಬರೆದುಬಿಡುವುದು ವಾಡಿಕೆ. ಅನೇಕ ಟಿಪ್ಪಣಿ ಪುಸ್ತಕಗಳಲ್ಲಿ ಅದು ಚೌಕಟ್ಟಿನೊಳಗೆ ಸೂತ್ರವಾಗಿ ಅಚ್ಚಾಗಿರುವುದೂ ಉಂಟು. θ ವು 180 ಡಿಗ್ರಿಯೊಳಗೆ ಇರುವವರೆಗೆ ಇದು ನಿರ್ಬಾಧಕ. θ = 240 ಡಿಗ್ರಿ ಆದಾಗ? cos 120 ಎಂಬುದು −1/2. ಆದ್ದರಿಂದ ಸೂತ್ರದ ಪ್ರಕಾರ ಮಾಡ್ಯುಲಸ್ −1, ಆರ್ಗ್ಯುಮೆಂಟ್ 120 ಡಿಗ್ರಿ. ಮಾಡ್ಯುಲಸ್ ಎಂಬುದು ದೂರ. ದೂರ ಋಣವಾಗಲು ಸಾಧ್ಯವೇ ಇಲ್ಲ. ಆ ಬಿಂದುವನ್ನು ಕಾಗದದ ಮೇಲೆ ಗುರುತಿಸಿದರೆ ಸಂಶಯ ಅಲ್ಲಿಯೇ ನಿವಾರಣೆಯಾಗುತ್ತದೆ. cos 240 = −1/2, sin 240 = −√3/2; ಆದುದರಿಂದ 1 + z ಎಂಬುದು 1/2 − i√3/2. ಬಲಗಡೆ, ಅಡ್ಡ ಅಕ್ಷದ ಕೆಳಗೆ, ಒಂದು ಮಾನ ದೂರದಲ್ಲಿ ಅದು ಕುಳಿತಿದೆ. ಮಾಡ್ಯುಲಸ್ 1, ಆರ್ಗ್ಯುಮೆಂಟ್ −60 ಡಿಗ್ರಿ. ಋಣಚಿಹ್ನೆಯನ್ನು ಮಾಡ್ಯುಲಸ್‌ನಿಂದ ತೆಗೆದು ಕೋನಕ್ಕೆ ವರ್ಗಾಯಿಸಿದಾಗ ಅದು 180 ಡಿಗ್ರಿಯ ತಿರುವಾಗಿ, 120 ಡಿಗ್ರಿ −60 ಆಗಿದೆ ಅಷ್ಟೆ. ಪ್ರಧಾನ ಆರ್ಗ್ಯುಮೆಂಟ್ −180ಕ್ಕಿಂತ ಹೆಚ್ಚಾಗಿ, 180ನ್ನು ಮೀರದೆ ಇರಬೇಕೆಂಬುದು ಒಪ್ಪಂದ. ಪ್ರಶ್ನೆಯಲ್ಲಿ π < θ < 2π ಎಂಬ ನಿರ್ಬಂಧವನ್ನು ಕೊಟ್ಟಿದ್ದರೆ ಅದನ್ನು ಅಲಂಕಾರಕ್ಕೆಂದು ಕೊಟ್ಟಿರುವುದಿಲ್ಲ. ಈ ಗುಂಡಿಯ ಬಾಯಿಯ ಮೇಲೆಯೇ ವಿದ್ಯಾರ್ಥಿಯನ್ನು ನಡೆಸುವುದು ಅದರ ಉದ್ದೇಶ.

ಇದೇ ಜಾತಿಯ ಇನ್ನೊಂದು ಜಾರುವಿಕೆ, ಆರ್ಗ್ಯುಮೆಂಟ್ ಎಂದರೆ tan⁻¹(y/x) ಎಂದು ಬಾಯಿಪಾಠ ಮಾಡಿಕೊಂಡವರದು. −1 − i ಎಂಬ ಸಂಖ್ಯೆಯಲ್ಲಿ y/x = 1; ಸೂತ್ರ 45 ಡಿಗ್ರಿ ಎನ್ನುತ್ತದೆ. ಬಿಂದುವಾದರೋ ಎಡಗಡೆ ಕೆಳಗಿನ ಮೂರನೆಯ ಪಾದದಲ್ಲಿದೆ, ಅದರ ಕೋನ −135 ಡಿಗ್ರಿ. ಇಲ್ಲಿಯೂ ಚುಕ್ಕೆಯಿಟ್ಟು ನೋಡುವುದೇ ಮದ್ದು.

ಮಾಡ್ಯುಲಸ್ ಒಂದನ್ನೇ ಕುರಿತ ಪ್ರಶ್ನೆಗಳಲ್ಲಿ ಪ್ರಾತಿನಿಧಿಕವೆನ್ನಬಹುದಾದದ್ದು 2015ರ ಜೆ.ಇ.ಇ. ಮೇನ್ ಪತ್ರಿಕೆಯಲ್ಲಿದೆ.

(z₁ − 2z₂) / (2 − z₁z̄₂)

ಎಂಬುದರ ಮಾಡ್ಯುಲಸ್ 1; z₂ ನ ಮಾಡ್ಯುಲಸ್ 1 ಅಲ್ಲ. ಹಾಗಾದರೆ z₁ ಎಂಬ ಬಿಂದು ಎಲ್ಲಿದೆ? ಎರಡು ಸರಳರೇಖೆಗಳು, √2 ತ್ರಿಜ್ಯದ ವೃತ್ತ, 2 ತ್ರಿಜ್ಯದ ವೃತ್ತ ಎಂಬ ನಾಲ್ಕು ಆಯ್ಕೆಗಳು. ಎರಡು ಸಂಖ್ಯೆಗಳನ್ನೂ x, y ಗಳಲ್ಲಿ ಬಿಡಿಸಲು ಹೊರಟರೆ ನಾಲ್ಕು ಅಜ್ಞಾತಗಳ ಕಾಡು. ಅಂಶ ಛೇದಗಳ ಮಾಡ್ಯುಲಸ್‌ಗಳು ಸಮವೆಂದು ಬರೆದು, ಎರಡೂ ಕಡೆ ವರ್ಗ ಮಾಡಿ, ವರ್ಗವನ್ನು ‘ಸಂಖ್ಯೆ ಗುಣಿಸು ಅದರ ಸಂಯುಗ್ಮ’ ಎಂದು ತೆರೆದರೆ ಕಾಡು ಕರಗುತ್ತದೆ. ಎಡಗಡೆ

|z₁|² + 4|z₂|² − 2z₁z̄₂ − 2z̄₁z₂

ಬಲಗಡೆ

4 + |z₁|²|z₂|² − 2z₁z̄₂ − 2z̄₁z₂

ಎಂದು ದೊರೆಯುತ್ತದೆ. ಕೊನೆಯ ಎರಡೆರಡು ಪದಗಳು ಎರಡೂ ಕಡೆ ಒಂದೇ ಆಗಿ ಬಿದ್ದುಹೋಗುತ್ತವೆ. ಅವು ಹಾಗೆ ಬಿದ್ದುಹೋಗಲೆಂದೇ ಪ್ರಶ್ನೆಯನ್ನು ಹೊಸೆದಿದ್ದಾರೆ. ಉಳಿದದ್ದನ್ನು ಒಂದುಗೂಡಿಸಿದರೆ

(|z₁|² − 4)(1 − |z₂|²) = 0.

ಎರಡನೆಯ ಆವರಣ ಸೊನ್ನೆಯಲ್ಲವೆಂದು ಪ್ರಶ್ನೆಯೇ ಹೇಳಿದೆ. ಆದುದರಿಂದ |z₁| = 2; ತ್ರಿಜ್ಯ 2 ಇರುವ ವೃತ್ತ. z₂ ನ ಮಾಡ್ಯುಲಸ್ 1 ಅಲ್ಲ ಎಂಬ ಮಾತು ಮೊದಲು ಓದಿದಾಗ ಅಪ್ರಯೋಜಕವಾಗಿ ಕಂಡದ್ದು ಕೊನೆಯ ಸಾಲಿನಲ್ಲಿ ಕೀಲಿಕೈಯಾಗಿದೆ. ಆ ಮಾತಿಲ್ಲದಿದ್ದರೆ z₁ ಎಲ್ಲಿ ಬೇಕಾದರೂ ಇರಬಹುದಿತ್ತು.

ಸಂಖ್ಯೆಯಿಟ್ಟು ನೋಡುವ ಚುರುಕಿನ ಹುಡುಗ ಇಲ್ಲಿ ಗೆಲ್ಲುತ್ತಾನೆ ಎಂಬುದನ್ನೂ ಒಪ್ಪಬೇಕು. z₂ = 0 ಎಂದಿಡಲು ಯಾವ ಅಡ್ಡಿಯೂ ಇಲ್ಲ, ಏಕೆಂದರೆ ಸೊನ್ನೆಯ ಮಾಡ್ಯುಲಸ್ 1 ಅಲ್ಲ. ಆಗ ಪ್ರಶ್ನೆಯು z₁/2 ನ ಮಾಡ್ಯುಲಸ್ 1 ಎಂದಾಗಿ, ಉತ್ತರ ಒಂದೇ ಉಸಿರಿನಲ್ಲಿ ಕೈಗೆ ಬರುತ್ತದೆ. ಎರಡು ವರ್ಷದ ಹಿಂದಿನ ಪ್ರಶ್ನೆಯಲ್ಲಿ i ಮೋಸ ಮಾಡಿತು, ಇಲ್ಲಿ ಸೊನ್ನೆ ಕೈಹಿಡಿಯಿತು. ವ್ಯತ್ಯಾಸವೆಂದರೆ ಅಲ್ಲಿ ಇಟ್ಟ ಬೆಲೆ ಎರಡು ಆಯ್ಕೆಗಳನ್ನು ಬೆಸೆದುಬಿಟ್ಟಿತು, ಇಲ್ಲಿ ನಾಲ್ಕನ್ನೂ ಬಿಡಿಸಿ ನಿಲ್ಲಿಸಿತು. ಇಟ್ಟ ಬೆಲೆಯ ನಂತರ ಆಯ್ಕೆಗಳು ಇನ್ನೂ ಬೇರೆ ಬೇರೆಯಾಗಿಯೇ ಉಳಿದಿವೆಯೇ ಎಂದು ಒಮ್ಮೆ ಕಣ್ಣಾಡಿಸುವುದಕ್ಕೆ ಐದು ಸೆಕೆಂಡು ಸಾಕು.

ಇನ್ನು ಒಂದರ ಮೂಲಗಳು. ಘನವು 1 ಆಗುವ ಸಂಖ್ಯೆಗಳು ಮೂರು. 1 ಸರಿಯೇ ಸರಿ. ಉಳಿದೆರಡಕ್ಕೆ ω, ω² ಎಂಬ ಗುರುತು. ಮೂರು ಬಾರಿ ತಿರುಗಿದಾಗ ಒಂದು ಪೂರ್ಣ ಸುತ್ತಾಗಬೇಕಾದರೆ ಒಂದು ತಿರುವು 120 ಡಿಗ್ರಿಯಿರಬೇಕು; ಆದುದರಿಂದ ಇವು ಏಕಮಾನ ವೃತ್ತದ ಮೇಲೆ 0, 120, 240 ಡಿಗ್ರಿಗಳಲ್ಲಿ, ಸಮಬಾಹು ತ್ರಿಭುಜದ ಮೂರು ಶೃಂಗಗಳಾಗಿ ಕುಳಿತಿವೆ. ಮೂರು ದಿಕ್ಕಿಗೆ ಸಮನಾಗಿ ಎಳೆದ ಹಗ್ಗಗಳಂತೆ ಇವುಗಳ ಮೊತ್ತ ಸೊನ್ನೆ: 1 + ω + ω² = 0. ಮೇಲೆ 240 ಡಿಗ್ರಿಯ ಉದಾಹರಣೆಯಲ್ಲಿ ಮಾಡ್ಯುಲಸ್ 1, ಕೋನ −60 ಎಂದು ದೊರೆತದ್ದು ಬೇರೇನೂ ಅಲ್ಲ, 1 + ω² = −ω ಎಂಬ ಈ ಸಂಗತಿಯೇ. ω ಗೆ ನೇರ ಎದುರಿನ ಬಿಂದು −60 ಡಿಗ್ರಿಯಲ್ಲಿದೆ. ತ್ರಿಕೋನಮಿತಿಯ ಅರ್ಧಕೋನ ಸೂತ್ರವೂ ಘನಮೂಲದ ಸೂತ್ರವೂ ವಿದ್ಯಾರ್ಥಿಯ ಟಿಪ್ಪಣಿಯಲ್ಲಿ ಬೇರೆ ಬೇರೆ ಪುಟಗಳಲ್ಲಿದ್ದರೂ ಚಿತ್ರದಲ್ಲಿ ಒಂದೇ ಸ್ಥಳದಲ್ಲಿವೆ.

ಪರೀಕ್ಷಕರು ω ವನ್ನು ಬಹಿರಂಗವಾಗಿ ಹೆಸರಿಸಿ ಕೇಳುವುದು ಕಡಿಮೆಯಾಗುತ್ತ ಬಂದಿದೆ ಎಂದು ತೋರುತ್ತದೆ. ಅದನ್ನು ವೇಷ ಹಾಕಿಸಿ ಕಳುಹಿಸುತ್ತಾರೆ. 2018ರ ಜೆ.ಇ.ಇ. ಮೇನ್ ಪ್ರಶ್ನೆ ಇದಕ್ಕೆ ಉತ್ತಮ ನಿದರ್ಶನ. x² − x + 1 = 0 ಎಂಬ ವರ್ಗಸಮೀಕರಣದ ಎರಡು ಮೂಲಗಳು α, β ಆದರೆ α¹⁰¹ + β¹⁰⁷ ಎಷ್ಟು? ಘನಮೂಲದ ಹೆಸರಿಲ್ಲ, ಕೋನದ ಹೆಸರಿಲ್ಲ, ಸಂಕೀರ್ಣ ಸಂಖ್ಯೆಯ ಚಿತ್ರವೂ ಇಲ್ಲ. ನೂರೊಂದು ಬಾರಿ ಗುಣಿಸುವುದು ಅಸಾಧ್ಯವಾದುದರಿಂದ ಮೂಲಗಳು ಸುತ್ತಿ ಸುತ್ತಿ ಬರುವ ಜಾತಿಯವೇ ಆಗಿರಬೇಕು ಎಂಬ ಊಹೆಯಿಂದ ಆರಂಭಿಸಬೇಕು.

ಸಮೀಕರಣವನ್ನು ಬಿಡಿಸಿದರೆ ಮೂಲಗಳು 1/2 + i√3/2 ಮತ್ತು 1/2 − i√3/2. ಎರಡೂ ಒಂದು ಮಾನ ದೂರದಲ್ಲಿವೆ. ಕೋನಗಳು 60 ಮತ್ತು −60 ಡಿಗ್ರಿ. 60 ಡಿಗ್ರಿಯ ತಿರುವು ಆರು ಬಾರಿಯಾದರೆ ಪೂರ್ಣ ಸುತ್ತು. ಗೋಡೆಯ ಗಡಿಯಾರದ ಭಾಷೆಯಲ್ಲಿ ಹೇಳುವುದಾದರೆ, ಎರಡೆರಡು ಗಂಟೆಯ ಅಂತರದಲ್ಲಿ ನಿಂತ ಆರು ನಿಲ್ದಾಣಗಳು. 101 ಹೆಜ್ಜೆಗಳಲ್ಲಿ 96 ಹೆಜ್ಜೆಗಳು ಹದಿನಾರು ಪೂರ್ಣ ಸುತ್ತುಗಳಾಗಿ ಕಳೆದುಹೋಗಿ 5 ಉಳಿಯುತ್ತವೆ; α¹⁰¹ ಎಂಬುದು 300 ಡಿಗ್ರಿಯಲ್ಲಿ ನಿಲ್ಲುತ್ತದೆ. β ಹಿಮ್ಮುಖವಾಗಿ ನಡೆಯುತ್ತದೆ. 107ರಲ್ಲಿ 102 ಹೋಗಿ 5 ಉಳಿದು, −300 ಅಂದರೆ 60 ಡಿಗ್ರಿಯಲ್ಲಿ ನಿಲ್ಲುತ್ತದೆ. 300 ಡಿಗ್ರಿಯ ಬಿಂದುವೂ 60 ಡಿಗ್ರಿಯ ಬಿಂದುವೂ ಅಡ್ಡ ಅಕ್ಷದ ಕನ್ನಡಿಯಲ್ಲಿ ಒಂದಕ್ಕೊಂದು ಪ್ರತಿಬಿಂಬಗಳು. ಕೂಡಿದಾಗ i ಇರುವ ಭಾಗಗಳು ಹೊಡೆದುಹೋಗಿ 1/2 ಮತ್ತು 1/2 ಸೇರಿ 1 ಆಗುತ್ತದೆ. α, β ಗಳ ಹೆಸರುಗಳನ್ನು ಅದಲುಬದಲು ಮಾಡಿದರೂ ಉತ್ತರ ಬದಲಾಗುವುದಿಲ್ಲ. ಯಾವುದು α ಎಂದು ಪ್ರಶ್ನೆ ಹೇಳದಿರುವುದು ಅದರಿಂದಲೇ.

ಈ ಪ್ರಶ್ನೆಯಲ್ಲಿ ತಪ್ಪಿದವರು ಲೆಕ್ಕದಲ್ಲಿ ತಪ್ಪುವುದು ಅಪರೂಪ. ಅವರು ತಪ್ಪುವುದು ಗುರುತು ಹಿಡಿಯುವುದರಲ್ಲಿ. ω, ω² ಗಳು x² + x + 1 = 0 ಎಂಬುದರ ಮೂಲಗಳು ಎಂದು ಕಲಿತ ವಿದ್ಯಾರ್ಥಿ, ನಡುವಿನ ಚಿಹ್ನೆಯನ್ನು ಗಮನಿಸದೆ ಇಲ್ಲಿಯೂ ಅವನ್ನೇ ಇಟ್ಟುಬಿಡುತ್ತಾನೆ. 101ನ್ನು 3ರಿಂದ ಭಾಗಿಸಿದರೆ ಶೇಷ 2. Ω² ನ 107ನೆಯ ಘಾತವೆಂದರೆ ω ನ 214ನೆಯ ಘಾತ, ಅಲ್ಲಿ ಶೇಷ 1. ಆದ್ದರಿಂದ ω² + ω, ಅಂದರೆ −1. ಲೆಕ್ಕದ ಪ್ರತಿಯೊಂದು ಹೆಜ್ಜೆಯೂ ಸರಿ. ಆರಂಭ ಮಾತ್ರ ತಪ್ಪು. ಆಯ್ಕೆಗಳಲ್ಲಿ −1 ಕೂಡ ಇದ್ದುದರಿಂದ ಅವನಿಗೆ ಸಂಶಯಪಡಲು ಕಾರಣವೇ ಇರಲಿಲ್ಲ. ಇಲ್ಲಿನ ಮೂಲಗಳು −ω, −ω². ಇದನ್ನು ತಿಳಿಯಲು ಎರಡು ಸೆಕೆಂಡಿನ ಪರೀಕ್ಷೆಯೊಂದಿದೆ: ಮೂಲಗಳ ಮೊತ್ತ. x² − x + 1 = 0 ಎಂಬಲ್ಲಿ ಮೂಲಗಳ ಮೊತ್ತ +1; ω + ω² ಎಂಬುದು −1. ಮೊತ್ತ ಧನವಾಗಿದ್ದರೆ ಬಿಂದುಗಳು ಚಿತ್ರದ ಬಲಭಾಗದಲ್ಲಿರಬೇಕು. Ω ಮತ್ತು ω² ಇರುವುದು ಎಡಭಾಗದಲ್ಲಿ.

ಹಿಂದಿನ ವರ್ಷ, 2017ರಲ್ಲಿ, ವೇಷ ಇನ್ನೊಂದು ಬಗೆಯದಾಗಿತ್ತು. 2ω + 1 = z, z = √−3 ಎಂದು ಕೊಟ್ಟು, ಮೊದಲ ಸಾಲು 1, 1, 1; ಎರಡನೆಯದು 1, −ω² − 1, ω²; ಮೂರನೆಯದು 1, ω², ω⁷ ಆಗಿರುವ ನಿರ್ಧಾರಕವು 3k ಗೆ ಸಮವಾದರೆ k ಎಷ್ಟು ಎಂದು ಕೇಳಲಾಗಿತ್ತು. ಇಲ್ಲಿ ω ಎಂಬ ಅಕ್ಷರವೇನೋ ಇದೆ, ಅದು ಒಂದರ ಘನಮೂಲವೆಂಬ ಹೇಳಿಕೆ ಇಲ್ಲ. 2ω + 1 = √−3 ಎಂಬುದರಿಂದ ω ವನ್ನು ಬಿಡಿಸಿಕೊಂಡರೆ (−1 + √−3)/2 ದೊರೆತು, ಅದು 120 ಡಿಗ್ರಿಯಲ್ಲಿ ನಿಂತ ನಮ್ಮ ಹಳೆಯ ω ವೇ ಎಂದು ಖಚಿತವಾಗುತ್ತದೆ. ಆಮೇಲೆ −ω² − 1 ಎಂಬುದು ω. Ω⁷ ಎಂಬುದು ಎರಡು ಸುತ್ತು ಹೋಗಿ ω. ನಿರ್ಧಾರಕವನ್ನು ಮೊದಲ ಸಾಲಿನಿಂದ ಬಿಡಿಸಿದರೆ ಮೂರು ಪದಗಳೂ ω² − ω ಎಂದೇ ಬರುತ್ತವೆ; ಮೊತ್ತ 3(ω² − ω). ಆದುದರಿಂದ k = ω² − ω.

ಇಲ್ಲಿಗೆ ತಲುಪಿದ ವಿದ್ಯಾರ್ಥಿಯ ಮುಂದೆ z ಮತ್ತು −z ಎಂಬ ಎರಡು ಆಯ್ಕೆಗಳು ಅಕ್ಕಪಕ್ಕದಲ್ಲಿ ಕಾದಿರುತ್ತವೆ. ω² ಗೆ ಬದಲಾಗಿ −1 − ω ಇಟ್ಟರೆ k = −1 − 2ω, ಅಂದರೆ −z. ಬರವಣಿಗೆಯಲ್ಲಿ ಚಿಹ್ನೆ ತಪ್ಪೀತೆಂಬ ಅಳುಕಿದ್ದವನು ಚಿತ್ರವನ್ನು ನೋಡಬಹುದು. ω ಅಕ್ಷದ ಮೇಲೆ, ω² ಅದರ ನೇರ ಕೆಳಗೆ. Ω ದಿಂದ ω² ಕ್ಕೆ ಹೋಗುವ ದಾರಿ ಕೆಳಮುಖ, ಉದ್ದ √3. z ಎಂಬುದು i√3, ಮೇಲ್ಮುಖ. ಆದುದರಿಂದ ಉತ್ತರದಲ್ಲಿ ಋಣಚಿಹ್ನೆ ಇರಲೇಬೇಕು.